ವಯಸ್ಸು 200 ಅಂತ ಬಂದಿದೆ: ಸರಾಸರಿ ತೆಗೆಯುವ ಮೊದಲು ಏನೇನಕ್ಕೆ ಗುರುತು ಹಾಕಬೇಕು?

ನಿರ್ಮಲಾ_ಎಚ್

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಸಂಸ್ಥೆಯಲ್ಲಿ ಡೇಟಾ ನೋಡಿಕೊಳ್ಳುತ್ತೇನೆ. ಆರು ಊರುಗಳಲ್ಲಿ ರಕ್ತಹೀನತೆ ತಪಾಸಣೆ ಶಿಬಿರ ನಡೆಯಿತು. ಆರು ಫೈಲ್ ಸೇರಿಸಿ ಒಂದು ಮಾಡಿದ್ದೇನೆ, ಒಟ್ಟು 1,186 ಸಾಲು. ಊರು, ದಿನಾಂಕ, ವಯಸ್ಸು, ಗಂಡು/ಹೆಣ್ಣು, ಎತ್ತರ, ಹಿಮೋಗ್ಲೋಬಿನ್ ಇಷ್ಟೇ ಕಾಲಂ. ಅಂಗನವಾಡಿ ಮಕ್ಕಳಿಂದ ಅಜ್ಜ ಅಜ್ಜಿಯರವರೆಗೂ ಜನ ಇದ್ದಾರೆ.

ವಯಸ್ಸಿನ ಕಾಲಂ ನೋಡಿದರೆ ತಲೆ ತಿರುಗುತ್ತದೆ. 140, 160, 200 ಅಂತೆಲ್ಲ ಇದೆ. 110ಕ್ಕಿಂತ ಜಾಸ್ತಿ ಇರುವ ಸಾಲು ಒಟ್ಟು 61. ಎಲ್ಲ ಸೇರಿಸಿದರೆ ಸರಾಸರಿ ವಯಸ್ಸು 41 ಬರುತ್ತದೆ. ಆ 61 ತೆಗೆದರೆ 34. ಎರಡನೆಯದು ನಂಬುವ ಹಾಗಿದೆ. ಅವನ್ನು ಡಿಲೀಟ್ ಮಾಡಿ ವರದಿ ಬರೆಯಬಹುದಾ? ಬೇರೆ ತೊಂದರೆ ಇಲ್ಲ. 4ನೇ ಊರಿನ ಹಿಮೋಗ್ಲೋಬಿನ್ ಮಾತ್ರ 112, 118 ಅಂತ ಇತ್ತು, ಬೇರೆ ಯೂನಿಟ್ ಇರಬೇಕು ಅಂತ 10ರಿಂದ ಭಾಗಿಸಿ ಸರಿ ಮಾಡಿಕೊಂಡೆ.

ಪೈಥಾನ್_ಕಿರಣ

61 ಅಂದರೆ ಶೇಕಡಾ 5 ಚಿಲ್ಲರೆ. ತೆಗೆದುಹಾಕಿ, ಏನೂ ಆಗಲ್ಲ. ತೆಗೆಯೋಕೆ ಮನಸ್ಸಿಲ್ಲ ಅಂದ್ರೆ ಸರಾಸರಿ ಬಿಟ್ಟು ಮೀಡಿಯನ್ ಕೊಡಿ. ಮೀಡಿಯನ್‌ಗೆ 200 ಇದ್ದರೂ ಒಂದೇ, 2,000 ಇದ್ದರೂ ಒಂದೇ.

ರಾಮಚಂದ್ರ_ಮೈಸೂರು

ಕಾರ್ಡಿನಲ್ಲಿ ವಯಸ್ಸು ತಪ್ಪಿದ್ದರೆ ಹತ್ತಿರದ ಸೇವಾ ಕೇಂದ್ರಕ್ಕೆ ಹೋಗಿ ಅರ್ಜಿ ಕೊಡಬೇಕಮ್ಮ. ಜನ್ಮ ದಾಖಲೆ ಇಲ್ಲದವರು ಶಾಲೆಯ ಟಿ.ಸಿ. ತೆಗೆದುಕೊಂಡು ಹೋಗಲಿ. ನಮ್ಮ ಅತ್ತಿಗೆಯದ್ದು ಹಾಗೇ ಸರಿ ಮಾಡಿಸಿದ್ದೇವೆ.

ನಿರ್ಮಲಾ_ಎಚ್

ರಾಮಚಂದ್ರ ಸರ್, ಇದು ಕಾರ್ಡಿನ ವಿಷಯ ಅಲ್ಲ, ನಮ್ಮ ಶಿಬಿರದ ಪಟ್ಟಿ 🙂 ಆದರೂ ಧನ್ಯವಾದ.

ಹಳೇ_ಅಂಕಿಅಂಶ

ನಿರ್ಮಲಾ ಅವರೇ, ದಯವಿಟ್ಟು ಇನ್ನೂ ಡಿಲೀಟ್ ಮಾಡಬೇಡಿ. ಮೊದಲು ಒಂದು ಪ್ರಶ್ನೆ. ಆ 61 ಸಾಲು ಯಾವ ಯಾವ ಊರಿನವು? ಎಲ್ಲ ಊರಿನಲ್ಲೂ ಅಲ್ಲೊಂದು ಇಲ್ಲೊಂದು ಇವೆಯಾ, ಒಂದೇ ಕಡೆ ಗುಂಪಾಗಿವೆಯಾ? ಟೈಪ್ ಮಾಡುವಾಗ ಕೈ ತಪ್ಪಿದ್ದರೆ ಚದುರಿರುತ್ತವೆ. ಗುಂಪಾಗಿದ್ದರೆ ಏನೋ ಒಂದು ಇಡೀ ಫೈಲಿಗೇ ಆಗಿದೆ ಅಂತ ಅರ್ಥ.

ಇನ್ನೊಂದು ಮಾತು ಕಿವಿಗೆ ಬಿತ್ತು. 4ನೇ ಊರಿನ ಹಿಮೋಗ್ಲೋಬಿನ್ ಹತ್ತು ಪಟ್ಟು ಇತ್ತು ಅಂದಿರಿ. ಅದೇ ಊರಿನ ವಯಸ್ಸು ಹೇಗಿದೆ?

ನಿರ್ಮಲಾ_ಎಚ್

ಈಗ ನೋಡಿದೆ. 61ರಲ್ಲಿ 52 ಆ 4ನೇ ಊರಿನವೇ! ಎರಡನೇ ಊರಿನಲ್ಲಿ 7 ಇವೆ, ಏಳೂ 124. ಐದನೇ ಊರಿನಲ್ಲಿ 2, ಎರಡೂ 999.

ಹಳೇ_ಅಂಕಿಅಂಶ

ಹಾಗಾದರೆ ಇವು ಮೂರು ಬೇರೆ ಬೇರೆ ರೋಗ. ಮೂರಕ್ಕೂ ಒಂದೇ ಮದ್ದು ಕೊಡೋಕಾಗಲ್ಲ.

999 ಸುಲಭ. ಗೊತ್ತಿಲ್ಲ ಅನ್ನೋದಕ್ಕೆ ಯಾರೋ ಹಾಕಿದ ಸಂಕೇತ. ಅದು ಸಂಖ್ಯೆಯೇ ಅಲ್ಲ, ಖಾಲಿ ಅಂತ ಓದಿಕೊಳ್ಳಿ.

124 ಏಳು ಜನಕ್ಕೂ ಒಂದೇ ಬಂದಿರುವುದು ಕಾಕತಾಳೀಯ ಅಲ್ಲ. ಶಿಬಿರ 2024ರಲ್ಲಿ ನಡೆದಿದ್ದರೆ 2024ರಲ್ಲಿ 124 ಕಳೆದು ನೋಡಿ, 1900 ಬರುತ್ತದೆ. ಹುಟ್ಟಿದ ದಿನಾಂಕ ಖಾಲಿ ಬಿಟ್ಟರೆ ಆ್ಯಪ್ 01-01-1900 ಅಂತ ತುಂಬಿ, ಅದರಿಂದ ವಯಸ್ಸು ಲೆಕ್ಕ ಹಾಕಿದೆ. ಇಲ್ಲೂ ನಿಜವಾದ ವಯಸ್ಸು ನಿಮ್ಮ ಫೈಲಿನಲ್ಲಿ ಎಲ್ಲೂ ಇಲ್ಲ.

ನಾಲ್ಕನೇ ಊರು ಬೇರೆ ಕಥೆ. ಅಲ್ಲಿ 110ರ ಒಳಗೆ ಇರುವ ವಯಸ್ಸುಗಳ ಕೊನೆಯ ಅಂಕಿ ಏನು ಅಂತ ಹೇಳ್ತೀರಾ?

ಸೊಸೈಟಿ_ಭಟ್ರು

1900 ಅಂದಕೂಡಲೇ ನಗು ಬಂತು. ನಮ್ಮ ಸಹಕಾರ ಸಂಘದಲ್ಲೂ ನೂರಿಪ್ಪತ್ತು ದಾಟಿದ ಸದಸ್ಯರು ಬೇಕಾದಷ್ಟು ಜನ ಇದ್ದಾರೆ. ಹಳೇ ಲೆಡ್ಜರ್‌ನಿಂದ ಕಂಪ್ಯೂಟರ್‌ಗೆ ಏರಿಸಿದಾಗ ಹುಟ್ಟಿದ ದಿನಾಂಕ ಇಲ್ಲದವರಿಗೆಲ್ಲ 1900 ಹಾಕಿಬಿಟ್ಟರು. ಹಿರಿಯ ನಾಗರಿಕರ ಪಟ್ಟಿ ತೆಗೆದರೆ ಮೂವತ್ತರ ಹುಡುಗರೆಲ್ಲ ಅದರಲ್ಲಿ ಬರ್ತಾರೆ. ಯಾರೂ ಕೇಳೋರಿಲ್ಲ.

ಮಂಜು_ಎಡಿಸನ್

ಭಟ್ರೇ, ನಿಮ್ಮಲ್ಲಿ ಮಾತ್ರ ಅಲ್ಲ. ಇಲ್ಲಿ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ದಾಖಲೆಗಳಲ್ಲಿ 112 ವರ್ಷ ದಾಟಿಯೂ ಸಾವು ದಾಖಲಾಗದವರು 65 ಲಕ್ಷ ಅಂತ 2015ರಲ್ಲಿ ಅವರದೇ ತನಿಖಾ ವಿಭಾಗ ವರದಿ ಕೊಟ್ಟಿತ್ತು. ಆದರೆ ಅಲ್ಲಿನ ಮುಖ್ಯ ಕೊರತೆ ಬೇರೆ. ಹುಟ್ಟಿದ ದಿನಾಂಕಕ್ಕಿಂತ ಹೆಚ್ಚಾಗಿ ಸತ್ತ ದಿನಾಂಕ ಬಿಟ್ಟುಹೋಗಿತ್ತು. ಅದು ಅವರಿಗೆಲ್ಲ ದುಡ್ಡು ಹೋಗ್ತಿತ್ತು ಅಂತಲೂ ಅಲ್ಲ. ನೋಡೋಕೆ ಒಂದೇ ಥರ ಕಂಡರೂ ಕಾರಣ ಬೇರೆ ಇರಬಹುದು, ಅದಕ್ಕೆ ಹೇಳಿದೆ.

ನಿರ್ಮಲಾ_ಎಚ್

@ಹಳೇ_ಅಂಕಿಅಂಶ ಸರ್, ನಾಲ್ಕನೇ ಊರಿನಲ್ಲಿ 148 ಸಾಲು. ಒಂದರಲ್ಲಿ ವಯಸ್ಸು ಖಾಲಿ. ಉಳಿದ 147ರಲ್ಲಿ ಕೊನೆಯ ಅಂಕಿ ಎಲ್ಲದಕ್ಕೂ ಸೊನ್ನೆ. 10, 20, 30, 40 ಹೀಗೆ. ಇದು ನನ್ನ ಗಮನಕ್ಕೇ ಬಂದಿರಲಿಲ್ಲ.

ಪೈಥಾನ್_ಕಿರಣ

ಅದರಲ್ಲಿ ವಿಶೇಷ ಏನಿದೆ? ನಮ್ಮ ಕಡೆ ಜನ ವಯಸ್ಸನ್ನು ಅಂದಾಜಲ್ಲೇ ಹೇಳೋದು. ನಲವತ್ತು, ಐವತ್ತು ಅಂತಾರೆ. ಜನಗಣತಿಯಲ್ಲೂ ಹಾಗೇ ಗುಡ್ಡೆ ಬೀಳುತ್ತೆ.

ಹಳೇ_ಅಂಕಿಅಂಶ

ಕಿರಣ್, ನೀವು ಹೇಳಿದ್ದು ಅರ್ಧ ಸರಿ. ಗುಡ್ಡೆ ಬೀಳುವುದು ನಿಜ. ಆದರೆ ಅಂದಾಜಿನಲ್ಲಿ ಹೇಳಿದಾಗ ಸೊನ್ನೆಯ ಜೊತೆ ಐದರ ಮೇಲೂ ಬೀಳುತ್ತದೆ. 35, 45, 65 ಇದ್ದೇ ಇರುತ್ತವೆ. ಮಧ್ಯದ ಅಂಕಿಗಳು ಕಡಿಮೆಯಾಗುತ್ತವೆಯೇ ಹೊರತು ಮಾಯವಾಗುವುದಿಲ್ಲ. 147ರಲ್ಲಿ 147 ಸೊನ್ನೆ ಅಂದರೆ ಅದು ಮನುಷ್ಯರ ಅಂದಾಜಲ್ಲ, ಫೈಲಿಗೆ ಆದ ಪೆಟ್ಟು.

ನನ್ನ ಊಹೆ ಇದು. ಇಲ್ಲಿ ವಯಸ್ಸು ಮೊದಲು 4.0, 14.0, 20.0 ಅಂತ ಇತ್ತು. ಯಾರೋ ಚುಕ್ಕಿ ತೆಗೆದರು. 4.0 ಹೋಗಿ 40 ಆಯಿತು, 20.0 ಹೋಗಿ 200 ಆಯಿತು. 11.2 ಇದ್ದ ಹಿಮೋಗ್ಲೋಬಿನ್ 112 ಆಯಿತು. ಯೂನಿಟ್ ಬದಲಾಗಿದ್ದಲ್ಲ ಅದು, ಅದೇ ಚುಕ್ಕಿ.

ಪೈಥಾನ್_ಕಿರಣ

ಓಹ್. ವಯಸ್ಸಿಗೆ .0 ಯಾಕೆ ಬಂತು ಅಂತ ನಾನು ಹೇಳಬಲ್ಲೆ. ಆ ಒಂದು ಖಾಲಿ ಸಾಲು! ಪಾಂಡಾಸ್‌ನಲ್ಲಿ ಪೂರ್ಣಾಂಕದ ಕಾಲಂನಲ್ಲಿ ಒಂದು ಖಾನೆ ಖಾಲಿ ಇದ್ದರೂ ಸಾಕು, ಇಡೀ ಕಾಲಂ ದಶಮಾಂಶಕ್ಕೆ ತಿರುಗುತ್ತೆ. ಮತ್ತೆ ಸಿಎಸ್‌ವಿಗೆ ಬರೆದಾಗ 4 ಇದ್ದದ್ದು 4.0 ಆಗಿ ಇಳಿಯುತ್ತೆ. ಎತ್ತರದಲ್ಲಿ ಖಾಲಿ ಇಲ್ಲದಿದ್ದರೆ ಅದು 98 ಅಂತಲೇ ಉಳಿದಿರುತ್ತೆ, ಚುಕ್ಕಿ ಇಲ್ಲ, ಪೆಟ್ಟೂ ಬಿದ್ದಿರಲ್ಲ. ಎತ್ತರ ನೋಡಿ ನಿರ್ಮಲಾ.

ನಿರ್ಮಲಾ_ಎಚ್

ಅಯ್ಯೋ. ಹೌದು. ಎರಡು ಸಾಲು ಹಾಗೇ ಹಾಕುತ್ತೇನೆ (ಹಿಮೋಗ್ಲೋಬಿನ್ ನಾನು ಭಾಗಿಸಿದ ಮೇಲಿನದು):

```
centre,age,sex,height_cm,hb
4,30,M,91,11.6
4,40,F,98,11.2
```

ಮೂವತ್ತು ವರ್ಷದ ಗಂಡಸು, 91 ಸೆಂಟಿಮೀಟರ್! ಆರು ಊರು ಒಟ್ಟಿಗೆ ಇದ್ದಾಗ 30 ಮತ್ತು 40 ಯಾರ ಕಣ್ಣಿಗೂ ಬೀಳಲಿಲ್ಲ. ಈಗ ವಿಚಾರಿಸಿದೆ. ನಾಲ್ಕನೇ ಊರಿನ ಶಿಬಿರ ಶಾಲೆಯ ಆವರಣದಲ್ಲಿ ನಡೆದಿತ್ತಂತೆ. ಅಂಗನವಾಡಿ, ಶಾಲೆ, ಪಿಯು ಮಕ್ಕಳು ಮಾತ್ರ. 20ಕ್ಕಿಂತ ಹಿರಿಯರು ಯಾರೂ ಇರಲಿಲ್ಲ.

ಹಳೇ_ಅಂಕಿಅಂಶ

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. 110 ದಾಟಿದ್ದನ್ನು ಡಿಲೀಟ್ ಮಾಡಿದ್ದರೆ ಏನಾಗುತ್ತಿತ್ತು?

ನಾಲ್ಕನೇ ಊರಿನಿಂದ ಹೋಗುತ್ತಿದ್ದ 52 ಸಾಲು ಯಾರವು? 12ರಿಂದ 20ರ ಹುಡುಗ ಹುಡುಗಿಯರವು. ಉಳಿಯುತ್ತಿದ್ದವರು ಯಾರು? 95 ಪುಟ್ಟ ಮಕ್ಕಳು, ನಲವತ್ತರ ಹೆಂಗಸು, ಐವತ್ತರ ಗಂಡಸಿನ ವೇಷದಲ್ಲಿ. ಅಂದರೆ ಕಣ್ಣಿಗೆ ಕಂಡ ತಪ್ಪನ್ನು ತೆಗೆದು, ಕಾಣದ ತಪ್ಪನ್ನು ಒಳಗೇ ಇಟ್ಟುಕೊಂಡ ಹಾಗೆ. 200 ನಿಮಗೆ ತೊಂದರೆ ಕೊಟ್ಟ ಸಾಲು ಅಲ್ಲ. ತೊಂದರೆ ಇದೆ ಅಂತ ಬಾಯಿಬಿಟ್ಟ ಸಾಲು ಅದು. ಅದನ್ನು ಅಳಿಸಿದರೆ ಸಾಕ್ಷಿಯನ್ನೇ ಅಳಿಸಿದಂತೆ.

ಮೀಡಿಯನ್ ವಿಚಾರ. ಅಲ್ಲೊಂದು ಇಲ್ಲೊಂದು 999 ಇದ್ದರೆ ಮೀಡಿಯನ್ ಅಲ್ಲಾಡಲ್ಲ, ಒಪ್ಪುತ್ತೇನೆ. ಇಡೀ ಊರೇ ಹತ್ತು ಪಟ್ಟಾದರೆ ಆ ಊರಿನ ಮೀಡಿಯನ್ ಕೂಡ ಹತ್ತು ಪಟ್ಟೇ ಆಗುತ್ತದೆ.

ಶಿವಲೀಲಾ_ಕೊಪ್ಪಳ

ನಾನು ಫೀಲ್ಡ್‌ನಲ್ಲಿ ಕೆಲಸ ಮಾಡುವವಳು, ಕೋಡ್ ಗೊತ್ತಿಲ್ಲ. ಒಂದು ಮಾತು ಹೇಳಬೇಕು. ವಯಸ್ಸು ತಪ್ಪಿದರೆ ಸರಾಸರಿ ವಯಸ್ಸು ಮಾತ್ರ ಕೆಡಲ್ಲ ರೀ. ರಕ್ತ ಕಡಿಮೆ ಇದೆಯೋ ಇಲ್ಲವೋ ಅನ್ನೋದನ್ನು ವಯಸ್ಸು ನೋಡಿಯೇ ಹೇಳೋದು. ಎರಡರಿಂದ ಐದು ವರ್ಷದೊಳಗಿನ ಮಗುವಿಗೆ 11 ಇದ್ದರೆ ಸಾಕು. ಬಸುರಿ ಅಲ್ಲದ ಹೆಂಗಸಿಗೆ 12 ಬೇಕು. ಗಂಡಸಿಗೆ 13.

ನೀವು ಹಾಕಿದ ಎರಡು ಸಾಲು ನೋಡಿ. 11.6 ಇರುವ ಮೂರು ವರ್ಷದ ಹುಡುಗ ಚೆನ್ನಾಗೇ ಇದ್ದಾನೆ. ನಿಮ್ಮ ಪಟ್ಟಿ ಅವನನ್ನು ಮೂವತ್ತರ ಗಂಡಸು ಅಂದುಕೊಂಡು ರಕ್ತಹೀನತೆ ಇದೆ ಅನ್ನುತ್ತದೆ. 11.2 ಇರುವ ನಾಲ್ಕು ವರ್ಷದ ಹುಡುಗಿಗೂ ಅದೇ ಗತಿ. ಅವರ ಮನೆಗೆ ಹೋಗಿ ಮಾತ್ರೆ ಕೊಡಿ ಅಂತ ಪಟ್ಟಿ ನಮ್ಮ ಕೈಗೆ ಬರುತ್ತದೆ. ಅದೂ ದೊಡ್ಡವರ ಮಾತ್ರೆ!

ನಿರ್ಮಲಾ_ಎಚ್

ಶಿವಲೀಲಾ ಅಕ್ಕ, ನೀವು ಹೇಳಿದ ಮೇಲೆ ಲೆಕ್ಕ ಹಾಕಿದೆ. ನಾಲ್ಕನೇ ಊರಿನಲ್ಲಿ 20, 30, 40 ಅಂತ ಇರುವವರು ಒಟ್ಟು 42. ಒಂದು ಸಾಲು ಬಿಟ್ಟು (ಅದರ ಬಗ್ಗೆ ಆಮೇಲೆ ಕೇಳುತ್ತೇನೆ) ಉಳಿದ 41ರಲ್ಲಿ ದೊಡ್ಡವರ ಅಳತೆಯಿಂದ 33 ಜನಕ್ಕೆ ರಕ್ತಹೀನತೆ ಬರುತ್ತದೆ. ಮಕ್ಕಳ ಅಳತೆಯಿಂದ 17. ಅರ್ಧಕ್ಕೆ ಅರ್ಧ ವ್ಯತ್ಯಾಸ.

ಪೈಥಾನ್_ಕಿರಣ

ಸರಿ, ಡಿಲೀಟ್ ಮಾತು ವಾಪಸ್. ಗುರುತು ಹಾಕೋಕೆ ಇಷ್ಟು ಸಾಕು. ಮೂಲ ವಯಸ್ಸನ್ನು ಮುಟ್ಟೋದಿಲ್ಲ, ಪಕ್ಕದಲ್ಲಿ ಒಂದು ಕಾಲಂ ಸೇರಿಸೋದು ಅಷ್ಟೇ:

```python
df["age_flag"] = ""
df.loc[df["age"] > 110, "age_flag"] = "over_110"
short = (df["age"] >= 18) & (df["height_cm"] < 120)
df.loc[short, "age_flag"] = "age_height"

f = df[df["age_flag"] != ""]
print(pd.crosstab(f["centre"], f["age_flag"]))
```

ಕೊನೆಯ ಸಾಲಿನ ಕೋಷ್ಟಕ ಮುಖ್ಯ. ಯಾವ ಊರಿನಲ್ಲಿ ಯಾವ ಗುರುತು ಎಷ್ಟು ಅಂತ ಒಂದೇ ನೋಟಕ್ಕೆ ಸಿಗುತ್ತೆ.

ನಿರ್ಮಲಾ_ಎಚ್

```
age_flag  age_height  over_110
centre
2                  0         7
4                 58        52
5                  1         2
```

ಐದನೇ ಊರಿನ ಆ ಒಂದು ಸಾಲು: ವಯಸ್ಸು 63, ಹೆಣ್ಣು, ಎತ್ತರ 117. ಇದನ್ನು ಏನು ಮಾಡಲಿ?

ಶಿವಲೀಲಾ_ಕೊಪ್ಪಳ

ಬೆನ್ನು ಬಾಗಿದ ಅಜ್ಜಿ ಇರಬಹುದು. ಕುಳ್ಳಗಿರುವವರೂ ಇರ್ತಾರಲ್ಲ. ಸುಮ್ನೆ ತಪ್ಪು ಅನ್ನಬೇಡಿ.

ಹಳೇ_ಅಂಕಿಅಂಶ

ಸರಿಯಾಗಿ ಹೇಳಿದಿರಿ. ಗುರುತು ಅಂದರೆ ಅನುಮಾನ, ತೀರ್ಪಲ್ಲ. ಅದಕ್ಕೇ ಎರಡು ಥರದ ಗುರುತು ಬೇರೆ ಬೇರೆ ಹೆಸರಿನಲ್ಲಿ ಇರಬೇಕು. ಅತಿ ಹೆಚ್ಚು ಬಾಳಿದ ದಾಖಲೆ ಫ್ರಾನ್ಸಿನ ಝಾನ್ ಕಾಲ್ಮಾನ್ ಅವರದು. 1997ರಲ್ಲಿ ತೀರಿಕೊಂಡಾಗ 122 ವರ್ಷ 164 ದಿನ. ಹಾಗಾಗಿ 200 ಅಸಾಧ್ಯ ಅನ್ನಲು ಯಾರ ಅಪ್ಪಣೆಯೂ ಬೇಡ. 117 ಸೆಂಟಿಮೀಟರ್ ಅಜ್ಜಿ ಅಪರೂಪ, ಆದರೆ ಸಾಧ್ಯ. ಆ ಸಾಲು ಲೆಕ್ಕದಲ್ಲಿ ಉಳಿಯಲಿ, ಗುರುತೂ ಉಳಿಯಲಿ.

ಕಿರಣ್ ಅವರ ಎತ್ತರದ ಜರಡಿಗೆ ಒಂದು ಮಿತಿ ಇದೆ. ನಾಲ್ಕನೇ ಊರಿನಲ್ಲಿ 52 ಮತ್ತು 58 ಸೇರಿ 110 ಸಿಕ್ಕವು. ಇನ್ನೂ 37 ತಪ್ಪಿಸಿಕೊಂಡಿವೆ. ಒಂಬತ್ತು ವರ್ಷದ ಹುಡುಗಿ 130 ಸೆಂಟಿಮೀಟರ್ ಇದ್ದು ಪಟ್ಟಿಯಲ್ಲಿ 90 ಅಂತ ಇದ್ದರೆ ಈ ಜರಡಿಯಲ್ಲಿ ಸಿಗಲ್ಲ. ಒಂದು ವರ್ಷದ ಮಗು 10 ಅಂತ ಇದ್ದರೂ ಸಿಗಲ್ಲ. ಅವನ್ನು ಹಿಡಿಯುವುದು ಸಾಲು ಸಾಲಾಗಿ ಅಲ್ಲ. ಇಡೀ ಊರಿಗೇ ಒಂದು ಮೂರನೇ ಗುರುತು ಹಾಕಬೇಕು.

ಮಂಜು_ಎಡಿಸನ್

ಅಂದರೆ ಚೆನ್ನಾಗಿ ಕಾಣುವ ಸಾಲಿಗೂ ಗುರುತು. ಆಫೀಸಿನಲ್ಲಿ ಇದನ್ನು ಒಪ್ಪಿಸೋದೇ ಕಷ್ಟ. ಕೆಟ್ಟಿರೋದನ್ನು ತೋರಿಸು, ಉಳಿದದ್ದು ಬಿಡು ಅಂತಾರೆ.

ನಿರ್ಮಲಾ_ಎಚ್

ಚುಕ್ಕಿ ಹೇಗೆ ಹೋಯಿತು ಅಂತ ಗೊತ್ತಾಯಿತು. ಆ ಊರಿನ ಸ್ವಯಂಸೇವಕರ ಹತ್ತಿರ ಮಾತಾಡಿದೆ. ಶಾಲೆಯ ಹಾಜರಿ ಪಟ್ಟಿಯ ಜೊತೆ ಹೆಸರು ಹೊಂದಿಸಬೇಕಿತ್ತಂತೆ. ಒಂದರಲ್ಲಿ ಇನಿಶಿಯಲ್ ಚುಕ್ಕಿ ಹಾಕಿ ಬರೆದಿದ್ದಾರೆ, ಇನ್ನೊಂದರಲ್ಲಿ ಚುಕ್ಕಿ ಇಲ್ಲ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಎಲ್ಲ ಚುಕ್ಕಿ ಒಟ್ಟಿಗೆ ಅಳಿಸಿದ್ದಾರೆ. ಹೆಸರು ಹೊಂದಿತು, ಉಳಿದದ್ದು ಹೀಗಾಯಿತು. ಮೂಲ ಫೈಲ್ ಅವರ ಹತ್ತಿರ ಈಗ ಇಲ್ಲ.

ಹಾಗಾದರೆ ಆ ಊರಿನ ಎಲ್ಲ ವಯಸ್ಸನ್ನೂ 10ರಿಂದ ಭಾಗಿಸಿಬಿಡಲಾ?

ಪೈಥಾನ್_ಕಿರಣ

ಕಾರಣ ಗೊತ್ತಾಯಿತಲ್ಲ, ಭಾಗಿಸಿ ಮುಗಿಸಿ.

ಹಳೇ_ಅಂಕಿಅಂಶ

ಭಾಗಿಸಿದ ಮೇಲೆ ಎತ್ತರದ ಜೊತೆ ಮತ್ತೆ ಹೋಲಿಸಿ. ಭಾಗಿಸಿದ್ದನ್ನು `age_fixed` ಅಂತ ಹೊಸ ಕಾಲಂನಲ್ಲಿ ಇಡಿ, `age` ಇದ್ದಂತೆ ಇರಲಿ.

ನಿರ್ಮಲಾ_ಎಚ್

ಹೋಲಿಸಿದೆ. 146 ಸಾಲು ಹೊಂದುತ್ತವೆ. ನಾನು ಆಗ ಬಿಟ್ಟ ಸಾಲು ಇದೇ:

```
4,20,F,152,11.4
```

ಭಾಗಿಸಿದರೆ ಎರಡು ವರ್ಷದ ಮಗು, ಎತ್ತರ 152. ಭಾಗಿಸದಿದ್ದರೆ ಇಪ್ಪತ್ತರ ಹುಡುಗಿ, ಎಲ್ಲ ಸರಿ. ಇದು ಫೈಲಿನ ಕಟ್ಟಕಡೆಯ ಸಾಲು.

ಪೈಥಾನ್_ಕಿರಣ

ತಡವಾಗಿ ಬಂದವಳ ಹೆಸರನ್ನು ಚುಕ್ಕಿ ಅಳಿಸಿದ ಮೇಲೆ ಕೈಯಲ್ಲಿ ಸೇರಿಸಿರಬೇಕು. ಆದರೆ ಹಿಮೋಗ್ಲೋಬಿನ್? ಅದು ಮೂಲದಲ್ಲಿ 114 ಇತ್ತಾ, 11.4 ಇತ್ತಾ?

ನಿರ್ಮಲಾ_ಎಚ್

ನಾನು ಭಾಗಿಸುವ ಮೊದಲು 114. ಅದೇ ಗೊಂದಲ. ಕೈಯಲ್ಲಿ ಸೇರಿಸಿದ್ದರೆ ಚುಕ್ಕಿ ಇರಬೇಕಿತ್ತಲ್ಲ. ಮೇಲಿನ ಸಾಲುಗಳು ಹಾಗಿವೆ ಅಂತ ಅವರೂ ಹಾಗೇ ಹಾಕಿದರೋ, ಎತ್ತರವೇ ತಪ್ಪೋ ಗೊತ್ತಿಲ್ಲ. ಕೇಳಿದೆ, ಅವರಿಗೆ ನೆನಪಿಲ್ಲ.

ಶಿವಲೀಲಾ_ಕೊಪ್ಪಳ

ಸ್ಟ್ರಿಪ್ ಹಾಕಿ ಮೀಟರ್‌ನಲ್ಲಿ ನೋಡಿದವರು ಮೊದಲು ಕಾಗದದ ರಿಜಿಸ್ಟರ್‌ನಲ್ಲಿ ಬರೆದಿರ್ತಾರೆ. ಅದು ಸಿಕ್ಕರೆ ಈ ಸಾಲೂ ಗೊತ್ತಾಗುತ್ತದೆ, 124ರ ಆ ಏಳು ಜನದ ವಯಸ್ಸೂ ಸಿಗಬಹುದು. ಆರೋಗ್ಯ ಉಪಕೇಂದ್ರದಲ್ಲಿ ಕೇಳಿ ನೋಡಿ.

ಹಳೇ_ಅಂಕಿಅಂಶ

ರಿಜಿಸ್ಟರ್ ಸಿಗುವವರೆಗೆ ಆ ಒಂದು ಸಾಲಿಗೆ `unresolved` ಅಂತ ಗುರುತು ಹಾಕಿ, ವಯಸ್ಸು ಬೇಕಾದ ಲೆಕ್ಕದಿಂದ ಹೊರಗಿಡಿ. ನನ್ನ ಅಭಿಪ್ರಾಯದಲ್ಲಿ ಉಳಿದ 146ನ್ನೂ ಮುಖ್ಯ ಕೋಷ್ಟಕಕ್ಕೆ ಸೇರಿಸಬಾರದು. ಪುರಾವೆ ಬಲವಾಗಿದೆ ನಿಜ, ಆದರೆ ಮೂಲ ಕಾಗದ ನೋಡಿಲ್ಲ. ಐದು ಊರಿನ ಕೋಷ್ಟಕ ಒಂದು, ನಾಲ್ಕನೇ ಊರಿನದು ಬೇರೆ.

ಮಂಜು_ಎಡಿಸನ್

ಇದನ್ನು ನಾನು ಒಪ್ಪಲ್ಲ ಸರ್. ಕೊನೆಯ ಅಂಕಿ, ಎತ್ತರ, ಹಿಮೋಗ್ಲೋಬಿನ್, ಸ್ವಯಂಸೇವಕರ ಮಾತು, ನಾಲ್ಕೂ ಒಂದೇ ಕಡೆ ಕೈ ತೋರಿಸುತ್ತಿವೆ. ಆ ಊರನ್ನು ಹೊರಗಿಟ್ಟರೆ ಮಕ್ಕಳ ಸಂಖ್ಯೆಯೇ ಬಿದ್ದುಹೋಗುತ್ತದೆ, ಅದೂ ಒಂದು ತಪ್ಪೇ. ಸೇರಿಸಿ, ಅಡಿಯಲ್ಲಿ ಬರೆಯಿರಿ.

ಹಳೇ_ಅಂಕಿಅಂಶ

ಅಡಿಯಲ್ಲಿ ಬರೆದದ್ದನ್ನು ಯಾರು ಓದುತ್ತಾರೆ ಮಂಜು? ಕೋಷ್ಟಕದ ಸಂಖ್ಯೆ ಮಾತ್ರ ಮುಂದಕ್ಕೆ ಹೋಗುತ್ತದೆ.

ನಿರ್ಮಲಾ_ಎಚ್

ನಾಳೆ ಕರಡು ಕೊಡಬೇಕು, ಹಾಗಾಗಿ ಎರಡೂ ಹಾಕುತ್ತಿದ್ದೇನೆ. ಕೋಷ್ಟಕದ ಅಡಿಯಲ್ಲಿ ಅಲ್ಲ, ಮೇಲೆಯೇ ಹೀಗೆ ಬರೆದಿದ್ದೇನೆ:

“ಒಟ್ಟು 1,186 ಸಾಲು. 9 ಸಾಲಿನಲ್ಲಿ ವಯಸ್ಸು ತಿಳಿದಿಲ್ಲ (7ರಲ್ಲಿ 1900 ಎಂಬ ತುಂಬು ದಿನಾಂಕ, 2ರಲ್ಲಿ 999). 1 ಸಾಲಿನಲ್ಲಿ ಖಾಲಿ. 4ನೇ ಊರಿನ 146 ಸಾಲಿನಲ್ಲಿ ದಶಮಾಂಶ ಚುಕ್ಕಿ ಅಳಿದಿದ್ದು, ವಯಸ್ಸನ್ನು 10ರಿಂದ ಭಾಗಿಸಲಾಗಿದೆ. ಕಾಗದದ ರಿಜಿಸ್ಟರ್ ಜೊತೆ ಇನ್ನೂ ತಾಳೆ ನೋಡಿಲ್ಲ. ಅದೇ ಊರಿನ 1 ಸಾಲು ಬಗೆಹರಿದಿಲ್ಲ.”

ಸರಾಸರಿ ವಯಸ್ಸು 34 ಇದ್ದದ್ದು 29ಕ್ಕೆ ಇಳಿಯಿತು.

ಶಿವಲೀಲಾ_ಕೊಪ್ಪಳ

ಮನೆಭೇಟಿ ಪಟ್ಟಿ ಕಳಿಸಿಬಿಟ್ಟಿದ್ದೀರಾ? ಕಳಿಸಿದ್ದರೆ ಮೊದಲು ಅದನ್ನು ನಿಲ್ಲಿಸಿ. ವರದಿ ಆಮೇಲೆ ಬರೆದರಾಯಿತು.

ನಿರ್ಮಲಾ_ಎಚ್

ಇಲ್ಲ ಅಕ್ಕ, ಇನ್ನೂ ಕಳಿಸಿಲ್ಲ. ಉಪಕೇಂದ್ರಕ್ಕೆ ಫೋನ್ ಮಾಡಿದ್ದೆ. ರಿಜಿಸ್ಟರ್ ಇದೆಯಂತೆ, ಬೀರುವಿನ ಕೀಲಿ ಇರುವವರು ಸೋಮವಾರ ಬರುತ್ತಾರಂತೆ.